ಮೂವರು ಹಂಚಿಕೊಂಡ ಬಾಡಿಗೆ ಮನೆ: ಯಾರ ಪಾಲು ಎಷ್ಟು?

ಪ್ರಶ್ನೆ: ನಾನು ಶಿವಮೊಗ್ಗದವಳು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು, ಇನ್ನಿಬ್ಬರು ಹುಡುಗಿಯರ ಜೊತೆ ಮೂರು ಕೋಣೆಯ ಫ್ಲ್ಯಾಟ್ ಹಿಡಿದಿದ್ದೇನೆ. ಬಾಡಿಗೆ 42,000, ಅಡ್ವಾನ್ಸ್ 2,10,000 ರೂಪಾಯಿ. ಬಾಡಿಗೆಯನ್ನು ಮೂವರೂ ಸಮವಾಗಿ ಕೊಡುತ್ತಿದ್ದೇವೆ. ಆದರೆ ನನ್ನ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ದೊಡ್ಡ ಕೋಣೆಗೆ ಬಾತ್‌ರೂಮ್, ಬಾಲ್ಕನಿ, ಎಸಿ ಎಲ್ಲಾ ಇದೆ, ಅದರಲ್ಲಿರುವವಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಇನ್ನೊಬ್ಬಳು ಪ್ರತಿ ವಾರಾಂತ್ಯ ಮೈಸೂರಿಗೆ ಹೋಗುತ್ತಾಳೆ, ಹಾಗಾಗಿ ಕರೆಂಟ್ ಬಿಲ್ಲಿನಲ್ಲಿ ತನ್ನ ಪಾಲು ಕಡಿಮೆಯಾಗಬೇಕು ಅನ್ನುತ್ತಾಳೆ. ಪಾತ್ರೆ, ಕಸ ಅಂತ ದಿನಾ ಏನಾದರೂ ಮಾತು ಬರುತ್ತೆ. ಕರಾರು ಪತ್ರದಲ್ಲಿ ನನ್ನೊಬ್ಬಳ ಹೆಸರೇ ಇದೆ. ಇದನ್ನೆಲ್ಲ ನ್ಯಾಯವಾಗಿ ಹಂಚಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ಲೆಕ್ಕಗಳೂ ಅದರ ಮೇಲೆ ನಿಂತಿವೆ. ಕರಾರು ಪತ್ರದಲ್ಲಿ ನಿಮ್ಮೊಬ್ಬರ ಹೆಸರಿದ್ದರೆ, ಮಾಲೀಕರ ದೃಷ್ಟಿಯಲ್ಲಿ ಬಾಡಿಗೆದಾರರು ನೀವೊಬ್ಬರೇ. ಮುಂದೊಂದು ತಿಂಗಳು ಉಳಿದಿಬ್ಬರಲ್ಲಿ ಯಾರಾದರೂ ಹಣ ಕೊಡದೆ ಹೋದರೆ ಪೂರ್ತಿ 42,000 ರೂಪಾಯಿಗೆ ನೀವೇ ಹೊಣೆಯಾಗುತ್ತೀರಿ. ಗೋಡೆ, ನಲ್ಲಿ, ಎಸಿಗೆ ಆದ ಹಾನಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಇನ್ನೊಂದೆಡೆ, ಅಡ್ವಾನ್ಸಿಗೆ ಹಣ ಹಾಕಿದ ಉಳಿದಿಬ್ಬರಿಗೆ ಆ ಹಣ ತಮ್ಮದೆಂದು ತೋರಿಸಲು ಬ್ಯಾಂಕಿನ ವರ್ಗಾವಣೆಯೊಂದನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಇಂಥ ಕರಾರುಗಳಲ್ಲಿ ಒಳಬಾಡಿಗೆಗೆ ಕೊಡಬಾರದೆಂಬ ಷರತ್ತು ಸಾಮಾನ್ಯವಾಗಿ ಇರುವುದರಿಂದ, ಮಾಲೀಕರು ಮನಸ್ಸು ಬದಲಿಸಿದ ದಿನ ಅವರಿಬ್ಬರ ವಾಸವನ್ನೇ ಪ್ರಶ್ನಿಸಬಹುದು. ಆದ್ದರಿಂದ ಮೂವರ ಹೆಸರೂ ಪತ್ರದಲ್ಲಿರುವುದು ಮೂವರಿಗೂ ಒಳ್ಳೆಯದು. ಹನ್ನೊಂದು ತಿಂಗಳು ಮುಗಿದು ನವೀಕರಿಸುವವರೆಗೆ ಕಾಯಬೇಕಾಗಿಲ್ಲ. ಈ ಇಬ್ಬರನ್ನೂ ಸಹ-ಬಾಡಿಗೆದಾರರಾಗಿ ಒಪ್ಪಿದ್ದೇನೆ ಎಂದು ಮಾಲೀಕರು ಸಹಿ ಮಾಡಿದ ಪೂರಕ ಪತ್ರವನ್ನು ಸ್ಟಾಂಪ್ ಪೇಪರಿನ ಮೇಲೆ ಮಾಡಿಸಿ, ಮೂಲ ಕರಾರಿಗೆ ಸೇರಿಸಿಕೊಳ್ಳಿ.

ಮೂವರೂ ಸಹಿ ಮಾಡಿದ ಮಾತ್ರಕ್ಕೆ ಹೊಣೆ ಮೂರು ಭಾಗವಾಗಿಬಿಡುತ್ತದೆ ಎಂದು ತಿಳಿಯಬೇಡಿ. ಭಾರತೀಯ ಕರಾರು ಕಾಯ್ದೆ, 1872ರ 43ನೇ ಕಲಮಿನ ಪ್ರಕಾರ, ಹಲವರು ಸೇರಿ ಒಂದು ಮಾತು ಕೊಟ್ಟಾಗ, ಬೇರೆ ರೀತಿಯ ಒಪ್ಪಂದವಿಲ್ಲದಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಮೊತ್ತವನ್ನು ಕೇಳಲು ಇನ್ನೊಂದು ಪಕ್ಷಕ್ಕೆ ಅವಕಾಶವಿದೆ. ಹಾಗೆ ಕೊಟ್ಟವರು ಉಳಿದವರಿಂದ ಅವರವರ ಪಾಲನ್ನು ವಸೂಲು ಮಾಡಬಹುದು ಎಂದೂ ಅದೇ ಕಲಂ ಹೇಳುತ್ತದೆ. ಆದರೆ ಅವರವರ ಪಾಲು ಎಷ್ಟೆಂದು ಬರೆದಿಡದಿದ್ದರೆ ಕಾನೂನು ಅದನ್ನು ಸಮಪಾಲೆಂದೇ ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಪಾಲುಗಳು ಸಮವಾಗಿರಬಾರದು. ಹೀಗಾಗಿ ಮಾಲೀಕರ ಜೊತೆಗಿನ ಕರಾರು ಒಂದು ಕಡೆಯಿದ್ದರೆ, ನೀವು ಮೂವರೇ ಸಹಿ ಮಾಡಿಟ್ಟುಕೊಳ್ಳುವ ಒಂದು ಪುಟದ ಒಪ್ಪಂದ ಇನ್ನೊಂದು ಕಡೆ ಇರಬೇಕು. ಮುಂದೆ ಹೇಳುವ ಅಂಕಿಗಳೆಲ್ಲ ಆ ಪುಟಕ್ಕೆ ಸೇರುವಂಥವು.

ಈಗ ಬಾಡಿಗೆಯ ವಿಷಯ. ಕೋಣೆಗಳ ಚದರಡಿ ಅಳೆದು ಅದೇ ಅನುಪಾತದಲ್ಲಿ ಹಂಚಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಳತೆಯ ಟೇಪಿಗೆ ಬಾತ್‌ರೂಮ್ ಒಳಗಿದೆಯೋ ಹೊರಗಿದೆಯೋ, ಕಿಟಕಿ ರಸ್ತೆಗೆ ತೆರೆಯುತ್ತದೆಯೋ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತದೆಯೋ ಎಂಬುದು ತಿಳಿಯುವುದಿಲ್ಲ. ಬಾಲ್ಕನಿಗೆ ಒಬ್ಬರು ಎರಡು ಸಾವಿರ ಕೊಡಲು ಸಿದ್ಧರಿರುತ್ತಾರೆ, ಇನ್ನೊಬ್ಬರಿಗೆ ಅದು ಬಟ್ಟೆ ಒಣಗಿಸುವ ಜಾಗ ಮಾತ್ರ. ಕೋಣೆಯ ಬೆಲೆ ಅದರಲ್ಲಿ ಇರುವವರ ಮನಸ್ಸಿನಲ್ಲಿರುವುದರಿಂದ ಆ ಬೆಲೆಯನ್ನು ಅವರನ್ನೇ ಕೇಳಬೇಕು. ಅದಕ್ಕೊಂದು ಸರಳವಾದ ಕ್ರಮವಿದೆ. ಮೂವರೂ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದನ್ನು ಇನ್ನೊಬ್ಬರು ನೋಡದೆ, ಯಾವ ಕೋಣೆಗೆ ತಾವು ಎಷ್ಟು ಕೊಡಬಹುದೆಂದು ಬರೆಯಬೇಕು. ಷರತ್ತು ಒಂದೇ: ಒಬ್ಬೊಬ್ಬರ ಚೀಟಿಯಲ್ಲಿರುವ ಮೂರು ಅಂಕಿಗಳ ಮೊತ್ತ ಸರಿಯಾಗಿ 42,000 ಆಗಬೇಕು. ಈ ಷರತ್ತಿನಿಂದಾಗಿ ಒಂದು ಕೋಣೆಯನ್ನು ಅಗ್ಗ ಎಂದು ಬರೆಯುವವರು ಇನ್ನೊಂದನ್ನು ದುಬಾರಿ ಎಂದು ಒಪ್ಪಲೇಬೇಕಾಗುತ್ತದೆ. ನಿಮ್ಮ ಮನೆಯ ಚೀಟಿಗಳು ಹೀಗೆ ಬಂದವು ಎಂದು ಇಟ್ಟುಕೊಳ್ಳೋಣ.

| | ದೊಡ್ಡ ಕೋಣೆ | ನಡುವಿನ ಕೋಣೆ | ಚಿಕ್ಕ ಕೋಣೆ |
|---|---|---|---|
| ಮನೆಯಿಂದ ಕೆಲಸ ಮಾಡುವವರು | 19,000 | 13,000 | 10,000 |
| ಮೈಸೂರಿಗೆ ಹೋಗುವವರು | 16,500 | 14,500 | 11,000 |
| ನೀವು | 16,000 | 14,500 | 11,500 |

ಯಾರಿಗೆ ಯಾವ ಕೋಣೆ ಕೊಟ್ಟರೆ ಬರೆದ ಬೆಲೆಗಳ ಮೊತ್ತ ಅತಿ ಹೆಚ್ಚಾಗುತ್ತದೆ ಎಂದು ಮೊದಲು ನೋಡಬೇಕು. ಮೂರು ಜನ, ಮೂರು ಕೋಣೆ ಎಂದರೆ ಆರೇ ಸಾಧ್ಯತೆಗಳು, ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ಇಲ್ಲಿ ಈಗಿರುವ ಹಂಚಿಕೆಯಲ್ಲೇ ಮೊತ್ತ ಅತಿ ಹೆಚ್ಚು: 19,000, 14,500 ಮತ್ತು 11,500 ಸೇರಿ 45,000. ಹಾಗಾಗಿ ಯಾರೂ ಕೋಣೆ ಬದಲಿಸಬೇಕಾಗಿಲ್ಲ. ಆದರೆ ಬಾಡಿಗೆ 42,000 ಮಾತ್ರ, 3,000 ರೂಪಾಯಿ ಹೆಚ್ಚಿಗೆ ಬಂದಿದೆ. ಅದನ್ನು ಮೂವರಿಗೂ ಸಮನಾಗಿ, ತಲಾ 1,000ದಂತೆ ಬಿಟ್ಟುಕೊಟ್ಟರೆ ದೊಡ್ಡ ಕೋಣೆಗೆ 18,000, ನಡುವಿನದಕ್ಕೆ 13,500, ನಿಮ್ಮ ಕೋಣೆಗೆ 10,500 ಎಂದಾಗುತ್ತದೆ. ಮೂವರೂ ತಾವು ಬರೆದ ಬೆಲೆಗಿಂತ ಸಾವಿರ ಕಡಿಮೆ ಕೊಡುತ್ತಾರೆ.

ಹಂಚಿಕೆ ನಿಜಕ್ಕೂ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಇನ್ನೊಬ್ಬರ ಕೋಣೆಯನ್ನು ಅವರು ತೆರುವ ಬೆಲೆಗೇ ನಿಮಗೆ ಕೊಟ್ಟರೆ, ಈಗಿರುವುದಕ್ಕಿಂತ ಅದು ಮೇಲು ಎನಿಸುತ್ತದೆಯೇ? ದೊಡ್ಡ ಕೋಣೆಗೆ ನೀವು ಬರೆದದ್ದು 16,000, ಅದರ ಬೆಲೆ 18,000, ಹಾಗಾಗಿ ಅದು ನಿಮಗೆ ಬೇಡ. ನಡುವಿನ ಕೋಣೆಗೆ 14,500 ಬರೆದಿದ್ದೀರಿ, ಅದು 13,500ಕ್ಕೆ ಸಿಕ್ಕರೆ ಉಳಿಯುವುದು ಸಾವಿರ, ಈಗಿನ ಕೋಣೆಯಲ್ಲಿ ಉಳಿಯುವುದೂ ಸಾವಿರವೇ. ಅಂದರೆ ಅಸೂಯೆಗೆ ಕಾರಣವಿಲ್ಲ. ಉಳಿದಿಬ್ಬರ ಚೀಟಿಗಳನ್ನೂ ಹೀಗೆಯೇ ನೋಡಿ, ಅವರಿಗೂ ತಮ್ಮ ಕೋಣೆಯೇ ಲಾಭವೆಂದು ತಿಳಿಯುತ್ತದೆ. ಉಳಿಕೆಯನ್ನು ಸಮನಾಗಿ ಹಂಚಿದಾಗ ಈ ಪರೀಕ್ಷೆಯಲ್ಲಿ ಯಾವಾಗಲೂ ತೇರ್ಗಡೆಯಾಗುತ್ತದೆ ಎಂಬ ಖಾತ್ರಿಯಿಲ್ಲ. ಆಗದಿದ್ದರೆ, ಯಾರ ಕೋಣೆಯ ಮೇಲೆ ಇನ್ನೊಬ್ಬರಿಗೆ ಆಸೆ ಉಳಿದಿದೆಯೋ ಆ ಕೋಣೆಯ ಬೆಲೆಯನ್ನು ಸ್ವಲ್ಪ ಏರಿಸಿ, ಆಸೆಪಟ್ಟವರದನ್ನು ಅಷ್ಟೇ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೀಗೆ ಯಾರಿಗೂ ಅಸೂಯೆಯಾಗದಂತೆ ಕೋಣೆ ಮತ್ತು ಬಾಡಿಗೆಯನ್ನು ಹಂಚುವ ದಾರಿ ಇದ್ದೇ ಇರುತ್ತದೆ ಎಂಬುದನ್ನು ಗಣಿತಜ್ಞ ಫ್ರಾನ್ಸಿಸ್ ಸೂ ಅವರು 1999ರ ಪ್ರಬಂಧವೊಂದರಲ್ಲಿ, ಕೆಲವು ಸಹಜ ನಿಬಂಧನೆಗಳ ಅಡಿಯಲ್ಲಿ, ವಿವರಿಸಿದ್ದಾರೆ.

ಈ ಕ್ರಮಕ್ಕೆ ಒಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಚೀಟಿಯಲ್ಲಿ ಬರೆಯುವುದು ಆಸೆಯನ್ನು ಮಾತ್ರವಲ್ಲ, ಕೈಯಲ್ಲಿರುವ ಸಂಬಳವನ್ನೂ. ಕಡಿಮೆ ಸಂಬಳದವರು ಸಹಜವಾಗಿಯೇ ಚಿಕ್ಕ ಕೋಣೆಯ ಕಡೆಗೆ ವಾಲುತ್ತಾರೆ. ಅದನ್ನು ಅನ್ಯಾಯವೆಂದು ನಾನು ಕರೆಯುವುದಿಲ್ಲ, ಏಕೆಂದರೆ ಅವರಿಗೆ ಅದಕ್ಕೆ ತಕ್ಕ ಕಡಿತ ಸಿಗುತ್ತದೆ. ಆದರೆ ಯಾರಾದರೂ ಹಣದ ಒತ್ತಡಕ್ಕೆ ಸಿಕ್ಕಿ ಹಾಲ್‌ನಲ್ಲಿ ಮಲಗುತ್ತೇನೆ ಎನ್ನುವ ಮಟ್ಟಕ್ಕೆ ಬಂದರೆ, ಅದು ಚೀಟಿಯಿಂದ ಬಗೆಹರಿಯುವ ವಿಷಯವಲ್ಲ, ಆ ಮನೆಯೇ ಅವರ ಶಕ್ತಿಗೆ ಮೀರಿದ್ದು. ನವೀಕರಣದಲ್ಲಿ ಬಾಡಿಗೆ ಶೇಕಡಾ 5ರಷ್ಟು ಏರಿ 44,100 ಆದರೆ ಮತ್ತೆ ಚೀಟಿ ಬರೆಯಬೇಕಾಗಿಲ್ಲ, ಮೂರೂ ಪಾಲುಗಳನ್ನು ಶೇಕಡಾ 5ರಷ್ಟು ಏರಿಸಿದರೆ ಸಾಕು. ಹೊಸಬರು ಬಂದಾಗ ಆ ಕೋಣೆಯ ಬೆಲೆಗೇ ಬರಬೇಕು. ಅವರು ಒಪ್ಪದಿದ್ದರೆ ಮಾತ್ರ ಮೂವರೂ ಹೊಸದಾಗಿ ಚೀಟಿ ಬರೆಯಿರಿ.

ಅಡ್ವಾನ್ಸ್ ಹಣವನ್ನೂ ಇದೇ ಅನುಪಾತದಲ್ಲಿ ಸರಿಪಡಿಸಿಕೊಳ್ಳುವುದು ಲೇಸು. ಐದು ತಿಂಗಳ ಬಾಡಿಗೆ ಎಂದರೆ ದೊಡ್ಡ ಕೋಣೆಯಿಂದ 90,000, ನಡುವಿನದರಿಂದ 67,500, ನಿಮ್ಮಿಂದ 52,500. ಇದರಲ್ಲಿ ಒಂದು ಗುಂಡಿಯಿದೆ, ಬೆಂಗಳೂರಿನಲ್ಲಿ ಮನೆ ಹಂಚಿಕೊಳ್ಳುವವರು ಪದೇಪದೇ ಅದರಲ್ಲಿ ಬೀಳುತ್ತಾರೆ. ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಇಲ್ಲಿನ ರೂಢಿ. ಆದರೆ ಮಾಲೀಕರು ಅದನ್ನು ಮುರಿಯುವುದು ಮನೆ ಪೂರ್ತಿ ಖಾಲಿಯಾದಾಗ. ಮಧ್ಯದಲ್ಲೇ ಹೊರಟವರು ತಮ್ಮ ಜಾಗಕ್ಕೆ ಬಂದ ಹೊಸಬರಿಂದ ಅಡ್ವಾನ್ಸನ್ನು ಪೂರ್ತಿ ಪಡೆದು ಹೋಗುತ್ತಾರೆ. ಕೊನೆಯಲ್ಲಿ ಉಳಿದವರ ತಲೆಗೆ ಎಲ್ಲರ ಕಾಲದ ಪೇಂಟಿಂಗ್ ಬೀಳುತ್ತದೆ. ಉದಾಹರಣೆಗೆ, ನಡುವಿನ ಕೋಣೆಯವರು ಆರು ತಿಂಗಳಿಗೆ ಹೊರಟರೆಂದು ಇಟ್ಟುಕೊಳ್ಳಿ. ಪೇಂಟಿಂಗಿನಲ್ಲಿ ಆ ಕೋಣೆಯ ಪಾಲು 13,500, ಹನ್ನೊಂದು ತಿಂಗಳಲ್ಲಿ ಆರು ತಿಂಗಳಿಗೆ ಅದು 7,364 ರೂಪಾಯಿ. ಹೊಸಬರು ಹೊರಡುವವರಿಗೆ ಕೊಡಬೇಕಾದದ್ದು 67,500 ಅಲ್ಲ, 60,136. ಕೊನೆಗೆ ಮಾಲೀಕರು 13,500 ಮುರಿದು 54,000 ಕೊಟ್ಟಾಗ ಹೊಸಬರು ಕಳೆದುಕೊಂಡಿದ್ದು 6,136 ಮಾತ್ರ, ಅದು ಅವರು ಇದ್ದ ಐದು ತಿಂಗಳ ಸರಿಯಾದ ಪಾಲು. ಈ ನಿಯಮವನ್ನು ನಿಮ್ಮ ಪುಟದಲ್ಲಿ ಬರೆಯಿರಿ. ಜೊತೆಗೆ, ಹೊರಡುವವರು ಒಂದು ತಿಂಗಳ ಮುಂಚೆ ತಿಳಿಸಬೇಕು, ಬದಲಿ ಜನ ಸಿಗುವವರೆಗೆ ಆ ಕೋಣೆಯ ಬಾಡಿಗೆ ಅವರದೇ ಹೊಣೆ, ಆದರೆ ಸಮಂಜಸವಾದ ಹೊಸಬರನ್ನು ಕಾರಣವಿಲ್ಲದೆ ನಿರಾಕರಿಸುವ ಹಕ್ಕು ಉಳಿದವರಿಗಿಲ್ಲ ಎಂಬುದನ್ನೂ ಸೇರಿಸಿ.

ಬಾಡಿಗೆಯನ್ನು ಒಬ್ಬರ ಖಾತೆಯಿಂದ ಕಳಿಸುವ ಬದಲು, ಮಾಲೀಕರು ಒಪ್ಪಿದರೆ, ಮೂವರೂ ತಮ್ಮ ತಮ್ಮ ಪಾಲನ್ನು ನೇರವಾಗಿ ಅವರ ಖಾತೆಗೆ ಕಳಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವವರಿಗೆ ಕರಾರಿನಲ್ಲಿ ತಮ್ಮ ಹೆಸರು, ತಾವೇ ಕೊಟ್ಟ ಬಾಡಿಗೆಯ ದಾಖಲೆ ಎರಡೂ ಬೇಕಾಗುತ್ತವೆ. ವರ್ಷಕ್ಕೆ ಒಂದು ಲಕ್ಷ ಮೀರಿದರೆ ಕಂಪನಿಯವರು ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕೇಳುತ್ತಾರೆ.

ಕರೆಂಟ್ ಬಿಲ್ಲಿನ ಬಗ್ಗೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದಲ್ಲಿ ಇಬ್ಬರೂ ತಪ್ಪು ಜಾಗದಲ್ಲಿ ನಿಂತಿದ್ದಾರೆ ಎಂದು ನನಗೆ ತೋರುತ್ತದೆ. ಜಗಳಕ್ಕೆ ಮುಂಚೆ ಯೂನಿಟ್‌ಗಳನ್ನು ಲೆಕ್ಕ ಹಾಕಿ ನೋಡೋಣ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್, ಮಾನಿಟರ್, ಫ್ಯಾನ್ ಮತ್ತು ದೀಪ ಸೇರಿ ಸುಮಾರು 150 ವಾಟ್ ಎಂದುಕೊಂಡರೆ, ದಿನಕ್ಕೆ ಒಂಬತ್ತು ಗಂಟೆಯಂತೆ 22 ದಿನಕ್ಕೆ ಆಗುವುದು 30 ಯೂನಿಟ್. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದಾಗ ಯೂನಿಟ್ಟಿಗೆ 8 ರೂಪಾಯಿ ಬಿದ್ದರೆ, ಅದು 240 ರೂಪಾಯಿ. ಅದನ್ನು ಮೂವರು ಸಮನಾಗಿ ಹೊತ್ತರೆ ಉಳಿದ ಒಬ್ಬೊಬ್ಬರ ಮೇಲೆ ಬೀಳುವುದು 80 ರೂಪಾಯಿ. ಇನ್ನು ಮೈಸೂರಿಗೆ ಹೋಗುವವರು ತಿಂಗಳಿಗೆ ಎಂಟು ದಿನ ಇಲ್ಲದಿದ್ದರೆ ಉಳಿಯುವುದು ಏನು? ಫ್ರಿಜ್ ಅವರಿದ್ದರೂ ಇಲ್ಲದಿದ್ದರೂ ಓಡುತ್ತದೆ. 2 ಕಿಲೋವಾಟ್‌ನ ಗೀಸರ್ ದಿನಕ್ಕೆ 20 ನಿಮಿಷದಂತೆ ಎಂಟು ದಿನಕ್ಕೆ ಸುಮಾರು 5 ಯೂನಿಟ್, ರಾತ್ರಿಯ ಫ್ಯಾನ್ ಇನ್ನೊಂದು 5 ಯೂನಿಟ್. ಒಟ್ಟು 80 ರೂಪಾಯಿಯ ಕರೆಂಟ್, ಸಮಪಾಲಿನಲ್ಲಿ ಅವರು ಹೆಚ್ಚಿಗೆ ಕೊಡುತ್ತಿರುವುದು ಐವತ್ತು ಚಿಲ್ಲರೆ ರೂಪಾಯಿ. ಈ ಎರಡು ಮೊತ್ತಗಳಿಗಾಗಿ ಪ್ರತಿ ತಿಂಗಳು ಮುಖ ಮುರಿದುಕೊಳ್ಳುವುದು ಬೇಡ.

ನಿಜವಾದ ಹೊರೆ ಎಸಿ. ಅದರ ಪ್ಲಗ್ಗಿಗೆ 16 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ ಹಾಕಿದರೆ ಎಷ್ಟು ಯೂನಿಟ್ ಹೋಯಿತೆಂದು ಫೋನಿನಲ್ಲೇ ಕಾಣುತ್ತದೆ. ಬೇಸಿಗೆಯ ಒಂದು ತಿಂಗಳು ಮನೆಯ ಬಳಕೆ 245 ಯೂನಿಟ್, ಬಿಲ್ 1,960 ರೂಪಾಯಿ, ಅದರಲ್ಲಿ ಎಸಿಯದು 75 ಯೂನಿಟ್ ಎಂದು ಇಟ್ಟುಕೊಳ್ಳಿ. ಎಸಿಯ 600 ರೂಪಾಯಿಯನ್ನು ದೊಡ್ಡ ಕೋಣೆಗೆ ಹಾಕಿ, ಉಳಿದ 1,360ನ್ನು ಮೂರು ಪಾಲು ಮಾಡಿದರೆ ನಿಮಗೂ ಮೈಸೂರಿನವರಿಗೂ 453, ದೊಡ್ಡ ಕೋಣೆಗೆ 1,053. ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಬೇರೆಯೇ ಇರುತ್ತದೆ. ಅದನ್ನು ಮೊದಲು ಬದಿಗಿಟ್ಟು ಸಮವಾಗಿ ಹಂಚಿದರೆ ಲೆಕ್ಕ ಇನ್ನೂ ನಿಖರವಾಗುತ್ತದೆ.

ನಿಮ್ಮ ಮನೆಯ ಮೀಟರಿಗೆ ಗೃಹಜ್ಯೋತಿ ಸೌಲಭ್ಯ ಇದ್ದರೆ ಮಾತ್ರ ಈ ಲೆಕ್ಕ ಸಾಲದು. ಬಾಡಿಗೆದಾರರಿಗೂ ಸಿಗುವ ಈ ಯೋಜನೆಯಲ್ಲಿ, ಮನೆಗೆ ನಿಗದಿಯಾದ ಉಚಿತ ಪ್ರಮಾಣವನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಮೀರಿದ ಬಳಕೆಗೆ ಮಾತ್ರ ಹಣ ಕಟ್ಟಬೇಕು. 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಎಸಿ ಇಲ್ಲದಿದ್ದರೆ ಬಳಕೆ 170 ಯೂನಿಟ್. ಉಚಿತ ಪ್ರಮಾಣ 150 ಆಗಿದ್ದರೆ ಮೂವರೂ ಸೇರಿ 20 ಯೂನಿಟ್ಟಿಗಷ್ಟೇ ಕೊಡುತ್ತಿದ್ದರು. ಅಂದರೆ ಎಸಿಯಿಂದ ಮನೆಗೆ ಬಿದ್ದ ವೆಚ್ಚ 600 ರೂಪಾಯಿ ಅಲ್ಲ, ಅದರ ಮೂರು ಪಟ್ಟಿನಷ್ಟು. ಉಚಿತ ಯೂನಿಟ್‌ಗಳಲ್ಲಿ ಮೂವರಿಗೂ ಸಮಾನ ಪಾಲಿರುವುದರಿಂದ, 200 ದಾಟಿಸಿದ ಬಳಕೆಯೇ ಆ ವ್ಯತ್ಯಾಸವನ್ನು ಹೊರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಬಿಲ್ ಬಂದ ಮೇಲೆ ಇದನ್ನು ಹೇರಿದರೆ ಅದು ದಂಡದಂತೆ ಕಾಣುತ್ತದೆ. ಮೊದಲೇ ಒಪ್ಪಿಕೊಂಡು, ರೀಡಿಂಗ್ ಆಗಿ ಇಪ್ಪತ್ತು ದಿನಕ್ಕೆ ಮೀಟರ್ ನೋಡಿ ಗುಂಪಿನಲ್ಲಿ ಸಂಖ್ಯೆ ಹಾಕಿದರೆ, ಎಸಿ ಹಾಕುವುದೋ ಬೇಡವೋ ಎಂಬುದನ್ನು ದೊಡ್ಡ ಕೋಣೆಯವರೇ ತೀರ್ಮಾನಿಸಬಹುದು.

ಉಳಿದ ಖರ್ಚುಗಳಿಗೆ ಒಂದೇ ನಿಯಮ ಸಾಕು. ವೈಫೈ, ಮೇಂಟೆನೆನ್ಸ್‌ನಂತೆ ಯಾರಿದ್ದರೂ ಇಲ್ಲದಿದ್ದರೂ ಬದಲಾಗದವು ಸದಾ ಸಮಪಾಲು. ಹಾಲು, ತರಕಾರಿ, ಗ್ಯಾಸ್‌ನಂತೆ ತಿಂದಷ್ಟು ಖರ್ಚಾಗುವವುಗಳಲ್ಲಿ, ಸತತವಾಗಿ ಏಳು ದಿನಕ್ಕಿಂತ ಹೆಚ್ಚು ಊರಿನಲ್ಲಿ ಇಲ್ಲದವರಿಗೆ ಮಾತ್ರ ಕಡಿತ. ವಾರಾಂತ್ಯದ ಎರಡು ದಿನಕ್ಕೆ ಕಡಿತ ಕೊಡಲು ಹೋದರೆ ಲೆಕ್ಕ ಬರೆಯುವ ಶ್ರಮವೇ ಉಳಿತಾಯಕ್ಕಿಂತ ದೊಡ್ಡದಾಗುತ್ತದೆ. ಹಣವನ್ನು ಅಂದಂದೇ ಕೇಳಬೇಡಿ. ಸ್ಪ್ಲಿಟ್‌ವೈಸ್ ಆಗಲಿ ಹಂಚಿಕೊಂಡ ಶೀಟ್ ಆಗಲಿ, ಖರ್ಚನ್ನು ಅಲ್ಲಿ ಬರೆದು, ತಿಂಗಳಿಗೊಮ್ಮೆ ಸಂಬಳದ ನಂತರ ಒಂದೇ ವರ್ಗಾವಣೆಯಲ್ಲಿ ಚುಕ್ತಾ ಮಾಡಿ.

ಮನೆಗೆಲಸದಲ್ಲಿ ವಾರಕ್ಕೊಬ್ಬರ ಸರದಿ ಎಂಬ ಪದ್ಧತಿ ನಿಮ್ಮಂಥ ಮನೆಗೆ ಒಗ್ಗುವುದಿಲ್ಲ, ಏಕೆಂದರೆ ಮೂವರ ದಿನಚರಿ ಮೂರು ಬಗೆ. ಬೆಳಗ್ಗೆ ಕಸದ ಗಾಡಿ ಬರುವ ಹೊತ್ತಿಗೆ ನೀವು ಬಸ್ಸಿನಲ್ಲಿರುತ್ತೀರಿ, ಭಾನುವಾರ ಹಗಲಿನ ಕೆಲಸಕ್ಕೆ ಮೈಸೂರಿನವರು ಇರುವುದಿಲ್ಲ. ಆದ್ದರಿಂದ ಕೆಲಸಗಳನ್ನು ಎಣಿಸುವ ಬದಲು ನಿಮಿಷಗಳನ್ನು ಎಣಿಸಿ. ರಾತ್ರಿ ಪಾತ್ರೆ ಮತ್ತು ಅಡುಗೆಮನೆ ದಿನಕ್ಕೆ 20 ನಿಮಿಷದಂತೆ ವಾರಕ್ಕೆ 140. ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಡುವುದು ದಿನಕ್ಕೆ 10ರಂತೆ 70. ವಾರಕ್ಕೆ ಮೂರು ಸಲ ಗುಡಿಸಿ ಒರೆಸುವುದು 90, ಎರಡು ಸಲ ತರಕಾರಿ ಸಾಮಾನು ತರುವುದು 60. ಸಿಲಿಂಡರ್ ಬುಕ್ ಮಾಡುವುದು, ಪ್ಲಂಬರ್‌ಗೆ ಬಾಗಿಲು ತೆರೆದು ಕೆಲಸ ಮುಗಿಯುವವರೆಗೆ ನಿಲ್ಲುವುದು, ಮಾಲೀಕರಿಗೆ ಫೋನ್ ಮಾಡುವುದು ಇವುಗಳಿಗೆ 30. ಕೊನೆಯ ಬಾಬ್ತು ಕಣ್ಣಿಗೆ ಕಾಣದ ಕೆಲಸ, ಅದನ್ನು ಪಟ್ಟಿಗೆ ಸೇರಿಸಲೇಬೇಕು. ಒಟ್ಟು 390 ನಿಮಿಷ, ಒಬ್ಬರಿಗೆ 130.

ಇದನ್ನು ಹೀಗೆ ಹಂಚಬಹುದು. ಹಗಲು ಮನೆಯಲ್ಲಿರುವವರು ಕಸ, ಬಿಡಿ ಕೆಲಸಗಳು ಮತ್ತು ಒಂದು ಸಲದ ಸಾಮಾನನ್ನು ವಹಿಸಿಕೊಳ್ಳಲಿ. ಮೈಸೂರಿನವರು ಭಾನುವಾರದಿಂದ ಗುರುವಾರದವರೆಗೆ ಐದು ರಾತ್ರಿ ಅಡುಗೆಮನೆ ಮತ್ತು ಒಂದು ಸಲ ಒರೆಸುವುದನ್ನು ನೋಡಿಕೊಳ್ಳಲಿ. ಉಳಿದ ಎರಡು ರಾತ್ರಿಯ ಅಡುಗೆಮನೆ, ಎರಡು ಸಲ ಒರೆಸುವುದು, ಒಂದು ಸಲದ ಸಾಮಾನು ನಿಮ್ಮದು. ಮೂವರಿಗೂ ಸರಿಯಾಗಿ 130 ನಿಮಿಷ ಬರುತ್ತದೆ. ಹೊರಗಿನ ಬಾತ್‌ರೂಮ್ ತೊಳೆಯುವುದನ್ನು ಇದರಲ್ಲಿ ಸೇರಿಸಿಲ್ಲ. ಅದನ್ನು ಬಳಸುವ ನೀವಿಬ್ಬರು ವಾರ ಬಿಟ್ಟು ವಾರ ಮಾಡಿಕೊಳ್ಳಿ.

ಪಾತ್ರೆಯ ಜಗಳ ಬಹುತೇಕ ಯಾರು ತೊಳೆಯಬೇಕು ಎಂಬುದರಿಂದ ಬರುವುದಲ್ಲ, ತೊಳೆದದ್ದು ಯಾವಾಗ ಮುಗಿದಂತೆ ಎಂಬುದರಿಂದ ಬರುತ್ತದೆ. ಒಬ್ಬರಿಗೆ ತಟ್ಟೆ ಲೋಟ ತೊಳೆದು ಬೋರಲು ಹಾಕಿದರೆ ಮುಗಿಯಿತು. ಕುಕ್ಕರ್ ನೀರು ತುಂಬಿಕೊಂಡು ಸಿಂಕಿನಲ್ಲೇ ನೆನೆಯುತ್ತಿರುತ್ತದೆ, ಜಾಲರಿಯಲ್ಲಿ ಅನ್ನದ ಅಗುಳು, ಕರಿಬೇವು ಸಿಕ್ಕಿಕೊಂಡಿರುತ್ತವೆ, ಒಲೆಯ ಸುತ್ತ ಒಗ್ಗರಣೆಯ ಎಣ್ಣೆ ಹಾಗೇ ಇರುತ್ತದೆ. ಇನ್ನೊಬ್ಬರಿಗೆ ಅದು ಕೆಲಸ ಅರ್ಧಕ್ಕೆ ಬಿಟ್ಟಂತೆ, ಬೆಳಗ್ಗೆ ಎದ್ದು ಅವರೇ ಉಜ್ಜುತ್ತಾರೆ. ಹೀಗೆ ಕೊಳೆಯನ್ನು ಕಡಿಮೆ ಸಹಿಸುವವರ ಪಾಲಿಗೆ ಕೆಲಸ ಸದ್ದಿಲ್ಲದೆ ಸರಿದುಹೋಗುತ್ತದೆ. ಆದ್ದರಿಂದ ಮುಗಿಯುವುದೆಂದರೆ ಏನೆಂದು ಬರೆದುಕೊಳ್ಳಿ: ಮಲಗುವ ಮುನ್ನ ಸಿಂಕ್ ಖಾಲಿ, ಜಾಲರಿ ಸ್ವಚ್ಛ, ಒಲೆ ಮತ್ತು ಕಟ್ಟೆ ಒರೆಸಿದ್ದು, ಹಸಿ ಕಸದ ಡಬ್ಬಿಗೆ ಮುಚ್ಚಳ. ಕೆಲಸ ತಪ್ಪಿಸಿದವರಿಗೆ ದಂಡ ಹಾಕಬೇಡಿ. ಐವತ್ತು ರೂಪಾಯಿ ಕೊಟ್ಟರೆ ತಪ್ಪಿಸಬಹುದು ಎಂದಾದ ಮೇಲೆ ಹೆಚ್ಚು ಸಂಬಳದವರು ಅದನ್ನೇ ಆರಿಸಿಕೊಳ್ಳುತ್ತಾರೆ. ಬದಲಿಗೆ, ತಪ್ಪಿದ ಕೆಲಸವನ್ನು ಯಾರು ಮಾಡಿದರೋ ಅವರ ಮುಂದಿನ ಸರದಿಯನ್ನು ತಪ್ಪಿಸಿದವರು ಮಾಡಬೇಕೆಂದು ಇಟ್ಟುಕೊಳ್ಳಿ. ಪ್ರತಿ ತಿಂಗಳೂ ಒಬ್ಬರೇ ತಪ್ಪಿಸುತ್ತಿದ್ದರೆ ಕೆಲಸದವರನ್ನು ಗೊತ್ತುಮಾಡಿ. ಆ ಸಂಬಳವನ್ನು ಸಮನಾಗಿ ಅಲ್ಲ, ಯಾರ ನಿಮಿಷಗಳನ್ನು ಅವರು ಇಳಿಸುತ್ತಾರೋ ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ.

ಇದನ್ನೆಲ್ಲ ಮಾತನಾಡಲು ವಾರದ ಮಧ್ಯದ ಒಂದು ಸಂಜೆಯನ್ನು ಗೊತ್ತುಮಾಡಿ, ಶನಿವಾರ ಭಾನುವಾರ ಮೂವರೂ ಒಟ್ಟಿಗೆ ಸಿಗುವುದಿಲ್ಲ. ಬಾಡಿಗೆ ಕೊಡುವ ದಿನಕ್ಕೆ ಕನಿಷ್ಠ ಎರಡು ವಾರ ಮುಂಚಿತವಾಗಿರಲಿ, ಪಾಲು ಏರುವವರಿಗೆ ಹಣ ಹೊಂದಿಸಿಕೊಳ್ಳಲು ಸಮಯ ಬೇಕು. ದೊಡ್ಡ ಕೋಣೆಯವರಿಗೆ ತಿಂಗಳಿಗೆ 4,000 ರೂಪಾಯಿ ಒಮ್ಮೆಲೇ ಹೆಚ್ಚುವುದು ಕಷ್ಟವೆನಿಸಿದರೆ ಮೊದಲ ಎರಡು ತಿಂಗಳು 16,000 ಕೊಟ್ಟು ಮೂರನೆಯ ತಿಂಗಳಿಂದ ಪೂರ್ತಿ ಪಾಲಿಗೆ ಬರಲಿ. ಆ ಎರಡು ತಿಂಗಳು ನಡುವಿನ ಕೋಣೆಯವರು 13,750, ನೀವು 12,250 ಕೊಟ್ಟರೆ ಮೊತ್ತ ಸರಿಹೊಂದುತ್ತದೆ. ಕಳೆದುಹೋದ ತಿಂಗಳುಗಳ ಸಮಪಾಲನ್ನು ಮರಳಿ ಕೇಳಬೇಡಿ. ಅದಕ್ಕೆ ಮೂವರೂ ಒಪ್ಪಿ ಕೊಟ್ಟಿದ್ದೀರಿ. ಪೂರಕ ಪತ್ರಕ್ಕಾಗಿ ಮಾಲೀಕರಿಗೆ ಫೋನ್ ಮಾಡುವುದನ್ನು ಮಾತ್ರ ಈ ಸಭೆಯವರೆಗೂ ಮುಂದೂಡಬೇಡಿ, ಅದನ್ನು ನಾಳೆಯೇ ಮಾಡಿ.